ಲೆಕ್ಕದಲ್ಲಿರುವ ಗ್ರಾಚ್ಯುಟಿ ಕೈಗೆ ಬರುವ ದಿನ

2026ರ ಜನವರಿಯಲ್ಲಿ ಐಟಿ ಕಂಪನಿಗಳ ತ್ರೈಮಾಸಿಕ ಫಲಿತಾಂಶ ಹೊರಬಿದ್ದಾಗ ಅವುಗಳಲ್ಲಿ ಒಂದು ಅಪರೂಪದ ಸಾಲಿತ್ತು. ಇನ್ಫೊಸಿಸ್ 1,289 ಕೋಟಿ ರೂಪಾಯಿ, ಟಿಸಿಎಸ್ 2,128 ಕೋಟಿ ರೂಪಾಯಿಯನ್ನು ಒಂದು ಬಾರಿಯ ವಿಶೇಷ ವೆಚ್ಚವೆಂದು ಲಾಭದಿಂದ ಕಳೆದು ತೋರಿಸಿದ್ದವು. ಆ ಮೂರು ತಿಂಗಳಲ್ಲಿ ಈ ಹಣಕ್ಕಾಗಿ ಯಾರ ಸಂಬಳವೂ ಏರಿರಲಿಲ್ಲ, ಯಾರಿಗೂ ಚೆಕ್ ಹೋಗಿರಲಿಲ್ಲ. ಬದಲಾಗಿದ್ದು ಕಾನೂನಿನ ಪುಸ್ತಕದಲ್ಲಿದ್ದ ಒಂದು ವ್ಯಾಖ್ಯೆ ಮಾತ್ರ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು; ಅವುಗಳೊಂದಿಗೆ ‘ವೇತನ’ ಎಂಬ ಪದದ ಅರ್ಥ ಹಿಗ್ಗಿತು. ಗ್ರಾಚ್ಯುಟಿ ಮತ್ತು ರಜೆ ನಗದೀಕರಣದ ಹೊಣೆಯನ್ನು ಕಂಪನಿಗಳು ಮತ್ತೆ ಲೆಕ್ಕ ಹಾಕಿದವು. ಉಬ್ಬಿದ ಅಷ್ಟೂ ಮೊತ್ತ ಆ ಒಂದು ತ್ರೈಮಾಸಿಕದ ತಲೆಗೆ ಬಿತ್ತು.

ದೊಡ್ಡ ಕಂಪನಿಗಳಿಗೆ ಇದು ಷೇರುದಾರರಿಗೆ ಕೊಡಬೇಕಾದ ವಿವರಣೆಯಷ್ಟೇ. ಅವುಗಳ ಬಳಿ ನಗದಿಗೆ ಬರವಿಲ್ಲ. ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ನೂರಿನ್ನೂರು ಜನರನ್ನು ಇಟ್ಟುಕೊಂಡಿರುವ ಕಾರ್ಖಾನೆಯ ಸ್ಥಿತಿ ಬೇರೆ. ಅಲ್ಲಿ ಗ್ರಾಚ್ಯುಟಿ ಎಂಬುದು ವರ್ಷಕ್ಕೊಮ್ಮೆ ಮಾರ್ಚ್ ತಿಂಗಳಲ್ಲಿ ಆಕ್ಚುವರಿಯಿಂದ, ಅಂದರೆ ಮುಂದೆ ಕೊಡಬೇಕಾದ ಹಣವನ್ನು ಇಂದೇ ಅಂದಾಜು ಮಾಡುವ ಲೆಕ್ಕತಜ್ಞರಿಂದ, ಬರುವ ನಾಲ್ಕು ಪುಟದ ವರದಿ. ಅದರ ಕೊನೆಯ ಅಂಕಿಯನ್ನು ಲೆಕ್ಕಪತ್ರಕ್ಕೆ ಏರಿಸಿ ಕಡತ ಮುಚ್ಚಿದರೆ ಮುಂದಿನ ಮಾರ್ಚ್‌ವರೆಗೆ ಅದನ್ನು ಯಾರೂ ತೆರೆಯುವುದಿಲ್ಲ. ಆ ಅಂಕಿ ಎಲ್ಲಿಂದ ಬಂತು, ಅದಕ್ಕೂ ನಿವೃತ್ತಿಯ ದಿನ ನೌಕರನ ಖಾತೆಗೆ ಬೀಳುವ ಹಣಕ್ಕೂ ಏನು ಸಂಬಂಧ ಎಂದು ಕೇಳುವವರು ಕಡಿಮೆ. ನಾನು ಲೆಕ್ಕಪರಿಶೋಧಕರ ಜೊತೆ ಓಡಾಡಿಕೊಂಡಿದ್ದ ವರ್ಷಗಳಲ್ಲಿ ಕಂಡ ಜಗಳಗಳಲ್ಲಿ ಹೆಚ್ಚಿನವು ಈ ಎರಡರ ನಡುವಿನ ಅಂತರದಲ್ಲೇ ಹುಟ್ಟಿದವು.

ಒಬ್ಬ ನೌಕರನನ್ನು ಎದುರಿಗಿಟ್ಟುಕೊಂಡು ನೋಡೋಣ. ಲೆಕ್ಕಕ್ಕಾಗಿ ಕಲ್ಪಿಸಿಕೊಂಡವನು, ಆದರೆ ಇಂಥವನು ಪ್ರತಿ ಕಾರ್ಖಾನೆಯಲ್ಲೂ ಇದ್ದಾನೆ. ಮಾರಾಟ ವಿಭಾಗದ ಮೇಲ್ವಿಚಾರಕ. 2025ರ ಡಿಸೆಂಬರ್ ಕೊನೆಗೆ ಅವನಿಗೆ ಐವತ್ತು ವರ್ಷ, ಸೇವೆಗೆ ಸೇರಿ ಸರಿಯಾಗಿ ಇಪ್ಪತ್ತು ವರ್ಷ, ನಿವೃತ್ತಿಗೆ ಇನ್ನು ಹತ್ತು ವರ್ಷ. ತಿಂಗಳ ಒಟ್ಟು ಸಂಬಳ 52,000 ರೂಪಾಯಿ. ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 20,800. ಉಳಿದದ್ದು ಮನೆ ಬಾಡಿಗೆ ಭತ್ಯೆ 15,600, ಪ್ರಯಾಣ ಭತ್ಯೆ 5,200, ಮಾರಾಟದ ಕಮಿಷನ್ 10,400.

1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯಲ್ಲಿ ಲೆಕ್ಕಕ್ಕೆ ಬರುತ್ತಿದ್ದುದು ಮೂಲ ವೇತನ ಮತ್ತು ತುಟ್ಟಿಭತ್ಯೆ ಮಾತ್ರ. ಭತ್ಯೆ, ಬೋನಸ್, ಕಮಿಷನ್ ಎಲ್ಲವೂ ಹೊರಗೆ. ಹೀಗಾಗಿ ಮೂಲ ವೇತನವನ್ನು ಚಿಕ್ಕದಾಗಿಟ್ಟು ಭತ್ಯೆಗಳನ್ನು ಉಬ್ಬಿಸುವುದು ಸಂಬಳ ಹೆಣೆಯುವವರ ಹಳೆಯ ಕೈಚಳಕವಾಗಿತ್ತು. ಹೊಸ ಸಂಹಿತೆ ಆ ಕೈಯನ್ನು ಹಿಡಿದಿದೆ. ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಕಮಿಷನ್, ಹೆಚ್ಚುವರಿ ದುಡಿಮೆಯ ಭತ್ಯೆ ಇತ್ಯಾದಿಗಳನ್ನು ಈಗಲೂ ಹೊರಗಿಡಬಹುದು. ಆದರೆ ಹೊರಗಿಟ್ಟದ್ದು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನು ವೇತನಕ್ಕೆ ಮರಳಿ ಸೇರಿಸಬೇಕು. ನಮ್ಮ ಮೇಲ್ವಿಚಾರಕನ ವಿಷಯದಲ್ಲಿ ಹೊರಗಿರುವುದು 31,200. ಅರ್ಧವೆಂದರೆ 26,000. ಮೀರಿದ 5,200 ಒಳಗೆ ಬರುತ್ತದೆ, ಗ್ರಾಚ್ಯುಟಿಯ ವೇತನ 20,800ರಿಂದ 26,000ಕ್ಕೆ ಏರುತ್ತದೆ. ಅವನ ಕೈಗೆ ಬರುವ ಸಂಬಳ ಒಂದು ಪೈಸೆಯೂ ಹೆಚ್ಚಲಿಲ್ಲ.

ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಹೊಸ ನಿಯಮವೆಂದರೆ ‘ಮೂಲ ವೇತನ ಅರ್ಧ ಇರಬೇಕು’ ಎಂದು ಕಚೇರಿಗಳಲ್ಲಿ ಚುಟುಕಾಗಿ ಹೇಳಿಕೊಳ್ಳುತ್ತಾರೆ. ಅದು ಅರ್ಧ ಸತ್ಯ. ಹೊರಗಿಡಬಹುದಾದ ಅಂಶಗಳ ಪಟ್ಟಿ ಸಂಹಿತೆಯಲ್ಲೇ ಇದೆ, ಆ ಪಟ್ಟಿಯಲ್ಲಿ ‘ವಿಶೇಷ ಭತ್ಯೆ’ ಎಂಬ ಹೆಸರಿಲ್ಲ. ಕೆಲಸದ ಸ್ವರೂಪದಿಂದ ಬರುವ ವಿಶೇಷ ಖರ್ಚನ್ನು ತುಂಬಿಕೊಡುವ ಹಣಕ್ಕೆ ಅಲ್ಲಿ ಜಾಗವಿದೆ. ಪ್ರತಿ ತಿಂಗಳು ಷರತ್ತಿಲ್ಲದೆ, ಸಂಬಳದ ಚೀಟಿಯ ಲೆಕ್ಕ ಸರಿಹೊಂದಿಸಲು ತುರುಕಿದ ವಿಶೇಷ ಭತ್ಯೆ ಆ ಜಾತಿಯದಲ್ಲ. ನಮ್ಮವನಿಗೆ ಕಮಿಷನ್ ಬದಲು ಅಷ್ಟೇ ಮೊತ್ತದ ವಿಶೇಷ ಭತ್ಯೆ ಸಿಗುತ್ತಿದ್ದರೆ ಅದು ನೇರವಾಗಿ ವೇತನಕ್ಕೆ ಸೇರಿ ಲೆಕ್ಕ 31,200ಕ್ಕೆ ಹೋಗುತ್ತಿತ್ತು ಎಂಬ ವಾದ ಗಟ್ಟಿಯಾದದ್ದೇ. ಅರ್ಧಕ್ಕೆ ನಿಂತು ಕೈತೊಳೆದುಕೊಂಡ ಕಂಪನಿಗಳ ಪ್ರಾವಿಷನ್, ಅಂದರೆ ಈ ಹೊಣೆಗೆಂದು ಲೆಕ್ಕಪತ್ರದಲ್ಲಿ ತೋರಿಸಿದ ಮೊತ್ತ, ಕಡಿಮೆ ಬಿದ್ದಿರಬಹುದು. ಈ ತಕರಾರು ನಿವೃತ್ತಿಯ ದಿನ ಎದ್ದೇಳುತ್ತದೆ, ಬ್ಯಾಲೆನ್ಸ್ ಶೀಟಿನ ದಿನವಲ್ಲ.

ಈಗ ಸೂತ್ರಕ್ಕೆ ಬರೋಣ. ಪೂರ್ಣಗೊಂಡ ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ವೇತನ, ತಿಂಗಳಿಗೆ ಇಪ್ಪತ್ತಾರು ದಿನ ಎಂಬ ಲೆಕ್ಕದಲ್ಲಿ. ನಾಲ್ಕು ಭಾನುವಾರ ಕಳೆದರೆ ಉಳಿಯುವ ದುಡಿಮೆಯ ದಿನಗಳೇ ಆ ಇಪ್ಪತ್ತಾರು. ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದ ಮೇಲೆ 1987ರ ತಿದ್ದುಪಡಿಯಲ್ಲಿ ಅದು ಕಾಯ್ದೆಯೊಳಗೇ ಸೇರಿತು. ನಮ್ಮವನಿಗೆ ಹಳೆಯ ವೇತನದ ಮೇಲೆ ವರ್ಷಕ್ಕೆ 12,000 ರೂಪಾಯಿ, ಹೊಸ ವೇತನದ ಮೇಲೆ 15,000. ವರ್ಷಕ್ಕೆ ಮೂರೇ ಸಾವಿರ ಹೆಚ್ಚಾಯಿತಲ್ಲ, ಇದಕ್ಕೇಕೆ ಇಷ್ಟು ಗದ್ದಲ ಎನ್ನಿಸಬಹುದು.

ಗದ್ದಲಕ್ಕೆ ಕಾರಣ ‘ಕೊನೆಗೆ ಪಡೆದ ವೇತನ’ ಎಂಬ ಮೂರು ಪದಗಳು. ಗ್ರಾಚ್ಯುಟಿಯಲ್ಲಿ 2006ರ ಸೇವೆಗೆ 2006ರ ಸಂಬಳದ ದರವಿಲ್ಲ. ಸೇವೆಯ ಮೊದಲ ವರ್ಷಕ್ಕೂ ಕೊನೆಯ ವರ್ಷಕ್ಕೂ ಒಂದೇ ದರ, ಅದು ಹೊರಡುವ ತಿಂಗಳ ವೇತನದ ದರ. ಆದ್ದರಿಂದ ವೇತನದ ಅರ್ಥ ಇಂದು ಬದಲಾದರೆ ಕಳೆದುಹೋದ ಇಪ್ಪತ್ತು ವರ್ಷಗಳ ಬೆಲೆಯೂ ಇಂದೇ ಬದಲಾಗುತ್ತದೆ. ಮೂರು ಸಾವಿರವನ್ನು ಇಪ್ಪತ್ತರಿಂದ ಗುಣಿಸಬೇಕು. ಸಂಬಳ ಏರಿದಾಗಲೆಲ್ಲ ಇದು ಸದ್ದಿಲ್ಲದೆ ನಡೆಯುತ್ತಲೇ ಇರುತ್ತದೆ. ಸಂಹಿತೆ ಅದನ್ನು ಒಂದೇ ರಾತ್ರಿಯಲ್ಲಿ, ಎಲ್ಲ ನೌಕರರಿಗೂ ಒಟ್ಟಿಗೆ ಮಾಡಿತು.

ಸಿಟಿಸಿ ಪತ್ರದಲ್ಲಿ ಕಾಣುವ ಶೇಕಡ 4.81 ಎಂಬ ಅಂಕಿಯ ಭ್ರಮೆಯೂ ಇಲ್ಲೇ ಒಡೆಯುತ್ತದೆ. ಹದಿನೈದನ್ನು ಇಪ್ಪತ್ತಾರರಿಂದ, ಮತ್ತೆ ಹನ್ನೆರಡರಿಂದ ಭಾಗಿಸಿದರೆ ಬರುವುದು ಅದೇ 4.81. ಅಷ್ಟನ್ನು ಪ್ರತಿ ವರ್ಷ ಎತ್ತಿಟ್ಟರೆ ಗ್ರಾಚ್ಯುಟಿಗೆ ಸಾಕು ಎಂದು ನಂಬಿದ ಮಾಲೀಕರನ್ನು ನಾನು ಕಂಡಿದ್ದೇನೆ. ಎತ್ತಿಟ್ಟ ಹಣ ಸಂಬಳ ಏರುವ ವೇಗದಲ್ಲೇ ಬಡ್ಡಿ ಗಳಿಸಿದರೆ ಮಾತ್ರ ಆ ನಂಬಿಕೆ ನಿಲ್ಲುತ್ತದೆ. ಸುಮ್ಮನೆ ಪುಸ್ತಕದಲ್ಲಿ ಬರೆದಿಟ್ಟರೆ, ಇಪ್ಪತ್ತು ವರ್ಷದ ಹಿಂದೆ ಆರು ಸಾವಿರ ಮೂಲ ವೇತನದ ಮೇಲೆ ಬರೆದಿಟ್ಟದ್ದು ಇಂದಿನ ದರದ ಎದುರು ಚಿಲ್ಲರೆ ಕಾಸು.

ಆಕ್ಚುವರಿ ಮಾಡುವ ಕೆಲಸವೆಂದರೆ ಮೊದಲು ಮುಂದಕ್ಕೆ ನಡೆದು ಆಮೇಲೆ ಹಿಂದಕ್ಕೆ ಬರುವುದು. ನಮ್ಮವನ 26,000 ರೂಪಾಯಿ ವೇತನ ವರ್ಷಕ್ಕೆ ಶೇಕಡ 8ರಂತೆ ಏರುತ್ತದೆ ಎಂದಿಟ್ಟುಕೊಂಡರೆ ಹತ್ತು ವರ್ಷದ ನಂತರ ಅದು ಸುಮಾರು 56,100 ಆಗಿರುತ್ತದೆ. ಮೂವತ್ತು ವರ್ಷದ ಸೇವೆಗೆ ಆ ದರದಲ್ಲಿ ಬರುವ ಗ್ರಾಚ್ಯುಟಿ ಸುಮಾರು 9.7 ಲಕ್ಷ. ಆದರೆ ಅದರಲ್ಲಿ ಇಲ್ಲಿಯವರೆಗೆ ದುಡಿದು ಸಂಪಾದಿಸಿದ್ದು ಇಪ್ಪತ್ತು ವರ್ಷದ ಪಾಲು ಮಾತ್ರ, ಅಂದರೆ ಮೂರರಲ್ಲಿ ಎರಡು ಭಾಗ, ಸುಮಾರು 6.48 ಲಕ್ಷ. ಉಳಿದ ಪಾಲನ್ನು ಅವನು ಇನ್ನೂ ದುಡಿಯಬೇಕು. ಈ 6.48 ಲಕ್ಷ ಕೊಡಬೇಕಾದದ್ದು ಹತ್ತು ವರ್ಷದ ಮೇಲೆ. ಸರ್ಕಾರಿ ಬಾಂಡುಗಳ ಇಳುವರಿ ಶೇಕಡ 7 ಎಂದುಕೊಂಡು ಇಂದಿನ ಮೌಲ್ಯಕ್ಕೆ ಇಳಿಸಿದರೆ ಸುಮಾರು 3.29 ಲಕ್ಷ ಸಿಗುತ್ತದೆ. ಅದೇ ಅವನ ಹೆಸರಿನಲ್ಲಿ ಕಾದಿರಿಸಬೇಕಾದ ಹೊಣೆ. ಸೇವೆಯ ವರ್ಷಗಳನ್ನು ಒಂದೊಂದು ಘಟಕವೆಂದು ಎಣಿಸುವ ಈ ವಿಧಾನವನ್ನೇ ಇಂಡ್ ಎಎಸ್ 19 ಮತ್ತು ಎಎಸ್ 15 ಎಂಬ ಎರಡೂ ಲೆಕ್ಕಪತ್ರ ಮಾನದಂಡಗಳು ಕಡ್ಡಾಯ ಮಾಡಿವೆ.

ಹಳೆಯ ವ್ಯಾಖ್ಯೆಯಲ್ಲಿ ಇದೇ ಲೆಕ್ಕ 2.63 ಲಕ್ಷಕ್ಕೆ ನಿಲ್ಲುತ್ತಿತ್ತು. ಅಂತರ ಸುಮಾರು 66,000 ರೂಪಾಯಿ, ಒಬ್ಬನಿಗೆ. ಇಂಥವರು ಇನ್ನೂರು ಜನ ಇದ್ದರೆ 1.3 ಕೋಟಿ. ಇದಕ್ಕೆ ಲೆಕ್ಕಿಗರು ಹಿಂದಿನ ಸೇವೆಯ ವೆಚ್ಚ ಎನ್ನುತ್ತಾರೆ. ಇಂಡ್ ಎಎಸ್ ಪಾಲಿಸುವ ಕಂಪನಿ ಇದನ್ನು ಒಂದೇ ಏಟಿಗೆ ಲಾಭ-ನಷ್ಟದ ಲೆಕ್ಕಕ್ಕೆ ಹಾಕಬೇಕು. ಎಎಸ್ 15 ಪಾಲಿಸುವ ಸಣ್ಣ ಕಂಪನಿಯೂ, ಐದು ವರ್ಷ ಮುಗಿಸಿ ಹಕ್ಕು ಪಕ್ಕಾ ಆದವರ ಮಟ್ಟಿಗೆ ಹಾಗೆಯೇ ಮಾಡಬೇಕು. ಹಕ್ಕು ಇನ್ನೂ ಬಲಿಯದವರದನ್ನು ಮಾತ್ರ ಉಳಿದ ವರ್ಷಗಳಿಗೆ ಹಂಚಿಕೊಳ್ಳಬಹುದು. ಇನ್ಫೊಸಿಸ್, ಟಿಸಿಎಸ್‌ಗಳ ಆ ಸಾಲಿನ ಹಿಂದೆ ಇದ್ದದ್ದು ಈ ಮೇಲ್ವಿಚಾರಕನಂಥ ಲಕ್ಷಾಂತರ ಜನರ ಅರವತ್ತಾರು ಸಾವಿರಗಳು, ಕೆಲವರದು ಹೆಚ್ಚು, ಕೆಲವರದು ಕಡಿಮೆ.

ಕೆಲವರ ವಿಷಯದಲ್ಲಿ ಅದು ಸೊನ್ನೆಯೂ ಆಗಿರಬಹುದು. ಗ್ರಾಚ್ಯುಟಿಗೆ ಇಪ್ಪತ್ತು ಲಕ್ಷದ ಮಿತಿ ಇದೆ. ಮೂವತ್ತು ವರ್ಷ ಸೇವೆ ಮಾಡಿದವನ ಕೊನೆಯ ವೇತನ 1.15 ಲಕ್ಷ ದಾಟಿದರೆ ಅವನು ಆ ಗೋಡೆಗೆ ತಾಗುತ್ತಾನೆ. ಮೊದಲೇ ತಾಗಿದ್ದವನಿಗೆ ವ್ಯಾಖ್ಯೆ ಹಿಗ್ಗಿದರೂ, ಕಂಪನಿ ತಾನಾಗಿ ಮಿತಿ ಮೀರಿ ಕೊಡುವುದಾಗಿ ಹೇಳಿರದಿದ್ದರೆ, ಏನೂ ಸಿಗದು. ಈ ಮಿತಿಯೂ ಸ್ಥಿರವಲ್ಲ. 2010ರಲ್ಲಿ ಮೂರೂವರೆ ಲಕ್ಷದಿಂದ ಹತ್ತಕ್ಕೆ, 2018ರ ಮಾರ್ಚ್‌ನಲ್ಲಿ ಹತ್ತರಿಂದ ಇಪ್ಪತ್ತಕ್ಕೆ ಏರಿತು. ಆಗಲೂ ಹಿಂದಿನ ಸೇವೆಯ ವೆಚ್ಚ ಹೀಗೆಯೇ ಬಂದೆರಗಿತ್ತು. ಕೇಂದ್ರ ಸರ್ಕಾರಿ ನೌಕರರಿಗೆ 2024ರ ಜನವರಿಯಿಂದಲೇ ಇಪ್ಪತ್ತೈದು ಲಕ್ಷವಿದೆ, ಖಾಸಗಿಯವರಿಗೆ ಇನ್ನೂ ಇಪ್ಪತ್ತೇ.

ಮೇಲಿನ ಲೆಕ್ಕದಲ್ಲಿ ಎರಡು ಊಹೆಗಳು ಎದುರುಬದುರಾಗಿ ನಿಂತಿರುವುದನ್ನು ಗಮನಿಸಿ. ಸಂಬಳ ಏರಿಕೆಯ ದರ ಹೊಣೆಯನ್ನು ಮೇಲಕ್ಕೆಳೆಯುತ್ತದೆ, ಬಾಂಡಿನ ದರ ಕೆಳಕ್ಕೆಳೆಯುತ್ತದೆ. ಎರಡೂ ಸಮವಾಗಿದ್ದರೆ ಹೊಣೆ ಇಂದಿನ ವೇತನದ ಸರಳ ಲೆಕ್ಕಕ್ಕೇ ಬಂದು ನಿಲ್ಲುತ್ತದೆ, ಅಂದರೆ ಹದಿನೈದು ಸಾವಿರ ಗುಣಿಸು ಇಪ್ಪತ್ತು, ಮೂರು ಲಕ್ಷ. ಆದ್ದರಿಂದ ವರದಿ ಓದುವವರು ಮೊದಲು ನೋಡಬೇಕಾದದ್ದು ಇವೆರಡರ ನಡುವಿನ ಅಂತರವನ್ನು. ಬಾಂಡಿನ ದರವನ್ನು ಯಾರೂ ತಿರುಚಲಾರರು. ಅದು ಲೆಕ್ಕದ ದಿನದ ಮಾರುಕಟ್ಟೆಯ ಇಳುವರಿ. ಆದರೆ ಸಂಬಳ ಎಷ್ಟು ಏರುತ್ತದೆಂಬ ಊಹೆಯನ್ನು ಆಕ್ಚುವರಿಗೆ ಕೊಡುವುದು ಕಂಪನಿಯ ಆಡಳಿತವೇ. ಎಂಟರ ಬದಲು ಆರು ಎಂದು ಬರೆದುಕೊಟ್ಟರೆ ನಮ್ಮವನ 3.29 ಲಕ್ಷ 2.73 ಲಕ್ಷಕ್ಕೆ ಕುಸಿಯುತ್ತದೆ. ಸಂಹಿತೆ ತಂದ ಹೆಚ್ಚಳದ ಬಹುಪಾಲನ್ನು ಒಂದೇ ಅಂಕಿ ನುಂಗಿಬಿಡುತ್ತದೆ. ಅದಕ್ಕೆ ಸಹಿ ಹಾಕುವ ಆಕ್ಚುವರಿ ಸಾಮಾನ್ಯವಾಗಿ ವರದಿಯಲ್ಲಿ ‘ಈ ಊಹೆಗಳನ್ನು ಕಂಪನಿ ಒದಗಿಸಿದೆ’ ಎಂಬ ಸಾಲನ್ನು ಸೇರಿಸಿರುತ್ತಾರೆ. ಆ ಸಾಲನ್ನು ನಾನು ಯಾವಾಗಲೂ ಎರಡು ಸಲ ಓದುತ್ತೇನೆ.

ತಿರುಚಿದ್ದು ಹೊರಬೀಳುವುದು ಹೇಗೆ? ಮುಂದಿನ ವರ್ಷದ ಹೊಂದಾಣಿಕೆಯ ಪಟ್ಟಿಯಲ್ಲಿ. 3.29 ಲಕ್ಷದಿಂದ ಶುರುಮಾಡಿ. ಒಂದು ವರ್ಷದ ಹೊಸ ಸೇವೆಗೆ ಸುಮಾರು 17,600, ಹಳೆಯ ಹೊಣೆಯ ಮೇಲಿನ ಬಡ್ಡಿ ಸುಮಾರು 23,000 ಸೇರಿಸಿದರೆ ವರ್ಷದ ಕೊನೆಗೆ 3.70 ಲಕ್ಷ ಇರಬೇಕು. ಕಾರ್ಮಿಕ ಸಂಘದ ಜೊತೆ ಒಪ್ಪಂದವಾಗಿ ವೇತನ ಶೇಕಡ 8ರ ಬದಲು 12 ಏರಿತೆನ್ನಿ. ಹೊಣೆ 3.84 ಲಕ್ಷವಾಗುತ್ತದೆ. ಹೆಚ್ಚಾದ ಸುಮಾರು 13,700 ರೂಪಾಯಿಯೇ ಊಹೆ ತಪ್ಪಿದ್ದರ ದಂಡ. ಇದನ್ನು ವರದಿಯಲ್ಲಿ ‘ಅನುಭವದ ನಷ್ಟ’ ಎಂದು ಬೇರೆ ಸಾಲಿನಲ್ಲಿ ತೋರಿಸಿರುತ್ತಾರೆ. ಒಂದು ವರ್ಷ ನಷ್ಟ, ಇನ್ನೊಂದು ವರ್ಷ ಲಾಭ ಬರುತ್ತಿದ್ದರೆ ಊಹೆ ಪ್ರಾಮಾಣಿಕ. ಐದು ವರ್ಷವೂ ಒಂದೇ ದಿಕ್ಕಿನಲ್ಲಿ ನಷ್ಟವೇ ಬರುತ್ತಿದ್ದರೆ, ಯಾರೋ ಪ್ರತಿ ಮಾರ್ಚ್‌ನಲ್ಲೂ ಸಂಬಳದ ದರವನ್ನು ಬೇಕೆಂದೇ ತಗ್ಗಿಸಿ ಬರೆದುಕೊಡುತ್ತಿದ್ದಾರೆ ಎಂದರ್ಥ. ಇಂಡ್ ಎಎಸ್‌ನಲ್ಲಿ ಈ ನಷ್ಟ ಲಾಭ-ನಷ್ಟದ ಮುಖ್ಯ ಸಾಲನ್ನು ತಾಗದೆ, ಇತರ ಸಮಗ್ರ ಆದಾಯ ಎಂಬ ಪಕ್ಕದ ಬಾಗಿಲಿನಿಂದ ನೇರವಾಗಿ ಮೀಸಲು ನಿಧಿಗೆ ಹೋಗುತ್ತದೆ, ಮತ್ತೆಂದೂ ಲಾಭ-ನಷ್ಟಕ್ಕೆ ಮರಳುವುದಿಲ್ಲ. ಹಾಗಾಗಿ ಕಡಿಮೆ ಊಹೆಯ ಆಮಿಷ ದೊಡ್ಡ ಕಂಪನಿಗಳಲ್ಲೇ ಹೆಚ್ಚು ಎಂಬುದು ನನ್ನ ಅನಿಸಿಕೆ. ಎಎಸ್ 15ರಲ್ಲಿ ಆ ಸೌಕರ್ಯವಿಲ್ಲ. ನಷ್ಟ ಅದೇ ವರ್ಷ ಲಾಭಕ್ಕೆ ಬಡಿಯುತ್ತದೆ.

ಕೆಲಸ ಬಿಡುವವರ ಪ್ರಮಾಣದ ಊಹೆಯ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಜನ ಹೆಚ್ಚು ಬಿಟ್ಟು ಹೋದರೆ ಗ್ರಾಚ್ಯುಟಿ ಉಳಿಯುತ್ತದೆ ಎನ್ನುತ್ತಾರೆ. ಐದು ವರ್ಷ ತುಂಬದವರ ಮಟ್ಟಿಗೆ ಅದು ನಿಜ. ಇಪ್ಪತ್ತು ವರ್ಷದ ಮೇಲ್ವಿಚಾರಕ ನಾಳೆ ರಾಜೀನಾಮೆ ಕೊಟ್ಟರೂ ಅವನ ಹಕ್ಕು ಎಲ್ಲೂ ಹೋಗುವುದಿಲ್ಲ. ಹತ್ತು ವರ್ಷದ ಮೇಲೆ ಕೊಡಬೇಕಾದದ್ದನ್ನು ಈಗಲೇ ಕೊಡಬೇಕಾಗುತ್ತದೆ ಅಷ್ಟೆ. ಇನ್ನೊಂದು ಬದಲಾವಣೆಯೂ ಇಲ್ಲಿ ಸೇರಿದೆ. ನಿಗದಿತ ಅವಧಿಗೆ ನೇಮಕವಾದವರಿಗೆ ಐದು ವರ್ಷದ ಕಾಯುವಿಕೆ ಈಗಿಲ್ಲ, ಒಂದು ವರ್ಷ ದುಡಿದರೆ ಅನುಪಾತಕ್ಕೆ ತಕ್ಕ ಗ್ರಾಚ್ಯುಟಿ ಸಿಗುತ್ತದೆ. ಗುತ್ತಿಗೆಯ ಅವಧಿ ನಾಲ್ಕು ವರ್ಷಕ್ಕೆ ಮುಗಿಯುವಂತೆ ಬರೆದು ಪ್ರಾವಿಷನ್ ಸೊನ್ನೆ ಎಂದು ತೋರಿಸುತ್ತಿದ್ದ ಕಡೆಗಳಲ್ಲಿ ಆ ಸೊನ್ನೆ ಇನ್ನು ನಿಲ್ಲದು.

ಊಹೆಗಳಿಗಿಂತ ಹೆಚ್ಚು ಅನಾಹುತ ಮಾಡುವುದು ಮಾಹಿತಿಯ ಕಡತ. ಆಕ್ಚುವರಿ ನೌಕರರ ಮುಖ ನೋಡುವುದಿಲ್ಲ, ಎಕ್ಸೆಲ್ ಹಾಳೆ ನೋಡುತ್ತಾರೆ. ಹುಟ್ಟಿದ ದಿನಾಂಕ ಗೊತ್ತಿಲ್ಲದವರಿಗೆಲ್ಲ ಜನವರಿ 1 ಅಥವಾ ಜೂನ್ 1 ಎಂದು ತುಂಬಿರುತ್ತಾರೆ. ಸಂಬಳದ ತಂತ್ರಾಂಶ ಬದಲಾಯಿಸಿದ ದಿನವೇ ಎಲ್ಲರೂ ಸೇವೆಗೆ ಸೇರಿದ ದಿನವಾಗಿ ಕುಳಿತುಬಿಟ್ಟಿದ್ದ ಹಾಳೆಯೊಂದನ್ನು ನಾನೇ ಕಂಡಿದ್ದೇನೆ. ಅದರಲ್ಲಿ ಹದಿನೆಂಟು ವರ್ಷ ಸೇವೆ ಮಾಡಿದ್ದ ಫಿಟ್ಟರ್ ಮೂರೇ ವರ್ಷ ಸೇವೆಯ ಹುಡುಗನಾಗಿದ್ದ. ಪ್ರಾವಿಷನ್ ಹಿಂದಿನ ವರ್ಷಕ್ಕಿಂತ ಅರ್ಧಕ್ಕೆ ಇಳಿದಿದ್ದನ್ನು ನೋಡಿ ಮಾಲೀಕರಿಗೆ ಸಂತೋಷವೇ ಆಗಿತ್ತು. ಹಳೆಯ ಹಾಜರಿ ಪುಸ್ತಕ ತಂದು ಹತ್ತು ಹೆಸರು ಹೋಲಿಸಿದ್ದಕ್ಕೆ ಅರ್ಧ ಗಂಟೆ ಸಾಕಾಯಿತು.

ಈಗ ನಗದಿನ ಮಾತು. ಇದುವರೆಗೆ ಹೇಳಿದ ಎಲ್ಲವೂ ಪುಸ್ತಕದ ಒಳಗೇ ನಡೆಯುವಂಥದ್ದು. ಪ್ರಾವಿಷನ್ ಎಂದರೆ ‘ಇಷ್ಟು ಕೊಡಬೇಕಾಗಿದೆ’ ಎಂಬ ಒಪ್ಪಿಗೆ, ಆ ಹಣ ಎಲ್ಲೋ ಇದೆ ಎಂಬ ಭರವಸೆಯಲ್ಲ. ಕೆಲವು ವರ್ಷಗಳ ಹಿಂದೆ ಒಂದು ಕೈಸಾಧನಗಳ ಕಾರ್ಖಾನೆಯಲ್ಲಿ ಇದನ್ನು ಹತ್ತಿರದಿಂದ ಕಂಡೆ. ಬ್ಯಾಲೆನ್ಸ್ ಶೀಟಿನಲ್ಲಿ ಗ್ರಾಚ್ಯುಟಿ ಪ್ರಾವಿಷನ್ ಒಂದು ಕೋಟಿಯ ಮೇಲಿತ್ತು, ಒಂದು ರೂಪಾಯಿ ಆಚೀಚೆ ಇರಲಿಲ್ಲ. ಬ್ಯಾಂಕಿನ ಖಾತೆ ಮಾತ್ರ ಓವರ್‌ಡ್ರಾಫ್ಟ್‌ನಲ್ಲಿ ತೇಲುತ್ತಿತ್ತು. ಕಾರ್ಖಾನೆ ಶುರುವಾದ ವರ್ಷ ಒಟ್ಟಿಗೆ ಸೇರಿದ್ದವರು ಒಟ್ಟಿಗೇ ಅರವತ್ತು ಮುಟ್ಟಿದ್ದರು. ನಿವೃತ್ತರಾದ ಒಬ್ಬರು ಲೆಕ್ಕದ ವಿಭಾಗಕ್ಕೆ ಬಂದು ಕುರ್ಚಿಯ ಅಂಚಿನಲ್ಲಿ ಕುಳಿತು, “ಸ್ವಾಮಿ, ನನ್ನದು ಪುಸ್ತಕದಲ್ಲಿ ಬರೆದಿದೆ ಅಂತ ನೀವೇ ಹೇಳಿದ್ದಿರಲ್ಲ?” ಎಂದು ಕೇಳಿದರು. ಬರೆದಿತ್ತು, ನಿಜ. ಕಚ್ಚಾ ಉಕ್ಕಿಗೂ ಹೊಸ ಪ್ರೆಸ್ ಯಂತ್ರಕ್ಕೂ ಆ ಹಣ ಹದಿನೈದು ವರ್ಷಗಳಿಂದ ಖರ್ಚಾಗುತ್ತ ಬಂದಿತ್ತು.

ಇದು ಕಾನೂನಿಗೂ ಗೊತ್ತಿರುವ ರೋಗ. ಹೊಣೆಗೆ ತಕ್ಕ ಹಣವನ್ನು ಕಂಪನಿಯ ಕೈಯಿಂದ ಹೊರಗೆ, ಅನುಮೋದಿತ ಗ್ರಾಚ್ಯುಟಿ ನಿಧಿಯಲ್ಲೋ ಎಲ್‌ಐಸಿಯಂಥ ವಿಮಾ ಕಂಪನಿಯ ಸಮೂಹ ಗ್ರಾಚ್ಯುಟಿ ಯೋಜನೆಯಲ್ಲೋ ಇಡುವುದೇ ಅದಕ್ಕೆ ಮದ್ದು. ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಕಡ್ಡಾಯ ಗ್ರಾಚ್ಯುಟಿ ವಿಮೆಯ ನಿಯಮಗಳನ್ನು ಹೊರಡಿಸಿತು. ಹೊಸ ಸಂಹಿತೆಯಲ್ಲೂ ಕಡ್ಡಾಯ ವಿಮೆಗೆ ಪ್ರತ್ಯೇಕ ಕಲಮಿದೆ. ತೆರಿಗೆಯ ಕಾನೂನು ಇನ್ನೂ ಹಳೆಯ ಗುರು. 1961ರ ಆದಾಯ ತೆರಿಗೆ ಕಾಯ್ದೆಯ 40ಎ(7)ನೇ ಕಲಮು ಬರಿಯ ಪ್ರಾವಿಷನ್ ಅನ್ನು ವೆಚ್ಚವೆಂದು ಒಪ್ಪುತ್ತಲೇ ಇರಲಿಲ್ಲ. ಅನುಮೋದಿತ ನಿಧಿಗೆ ನಿಜವಾಗಿ ಹಣ ಕಟ್ಟಿದರೆ ಅಥವಾ ನೌಕರನಿಗೆ ಕೊಡುವ ಸಮಯ ಬಂದಿದ್ದರೆ ಮಾತ್ರ ತೆರಿಗೆಯಲ್ಲಿ ವಿನಾಯಿತಿ. ಆಕ್ಚುವರಿಯ ವರದಿ ಎಷ್ಟೇ ದಪ್ಪವಿರಲಿ, ತೆರಿಗೆ ಅಧಿಕಾರಿ ಕೇಳುವುದು ಚಲನ್ ಅನ್ನು.

ವಿಮೆ ಮಾಡಿಸಿದ್ದೇವೆ ಎಂದು ನಿರಾಳರಾಗುವವರಿಗೂ ಒಂದು ಮುಳ್ಳಿದೆ. ಇಂಥ ಯೋಜನೆಗಳಲ್ಲಿ ಸಾಮಾನ್ಯವಾಗಿ ವಿಮಾ ಕಂಪನಿ ಕೊಡುವುದು ನಿಧಿಯಲ್ಲಿ ಇರುವಷ್ಟನ್ನೇ. ಹೊಣೆ 1.3 ಕೋಟಿ ಹಿಗ್ಗಿದ್ದರೂ ವಂತಿಗೆ ಹಳೆಯ ವೇತನದ ಮೇಲೆಯೇ ಹೋಗುತ್ತಿದ್ದರೆ ನಿಧಿ ಪ್ರತಿ ನಿವೃತ್ತಿಗೂ ಬಡವಾಗುತ್ತದೆ, ಕೊನೆಗೆ ಉಳಿಯುವ ಕಿರಿಯರ ಪಾಲಿಗೆ ತೂತಾಗುತ್ತದೆ. ಆಕ್ಚುವರಿಯ ವರದಿಯಲ್ಲಿ ಹೊಣೆಯ ಪಕ್ಕದಲ್ಲೇ ‘ಯೋಜನೆಯ ಆಸ್ತಿ’ ಎಂಬ ಸಾಲಿರುತ್ತದೆ. ಎರಡರ ಅಂತರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಿದೆಯೇ ಎಂದು ನೋಡುವುದಕ್ಕೆ ಲೆಕ್ಕಶಾಸ್ತ್ರ ಓದಿರಬೇಕಾಗಿಲ್ಲ. ಅದರ ಜೊತೆಗೆ ಮುಂದಿನ ಐದು ವರ್ಷ ಯಾವ ವರ್ಷ ಎಷ್ಟು ಪಾವತಿ ಬರಲಿದೆ ಎಂಬ ಪಟ್ಟಿಯೂ ಇರುತ್ತದೆ. ಆ ಕೈಸಾಧನಗಳ ಕಾರ್ಖಾನೆಯ ವರದಿಯಲ್ಲೂ ಅದಿತ್ತು. ಎಲ್ಲರೂ ಒಟ್ಟಿಗೆ ನಿವೃತ್ತರಾಗುವ ವರ್ಷದ ಎದುರು ದೊಡ್ಡ ಅಂಕಿ ಮೂರು ವರ್ಷ ಮೊದಲೇ ಅಚ್ಚಾಗಿತ್ತು.

ನಿವೃತ್ತಿಯ ದಿನಕ್ಕೆ ಬಂದಾಗ ಊಹೆಗಳ ಆಟ ಮುಗಿಯುತ್ತದೆ. ಬಡ್ಡಿದರ, ಮರಣ ಪಟ್ಟಿ, ಬಿಟ್ಟು ಹೋಗುವ ಪ್ರಮಾಣ ಯಾವುದೂ ಈಗ ಬೇಡ. ಬೇಕಾದದ್ದು ಕೊನೆಯ ವೇತನ, ಸೇವೆಯ ಅವಧಿ, ಎರಡೇ. ಕುರ್ಚಿಯ ಅಂಚಿನಲ್ಲಿ ಕುಳಿತಿದ್ದ ಆ ಹಿರಿಯರ ಮೂಲ ವೇತನ ಮತ್ತು ತುಟ್ಟಿಭತ್ಯೆ 33,800 ರೂಪಾಯಿ, ಸೇವೆ ಮೂವತ್ತೊಂದು ವರ್ಷ ಏಳು ತಿಂಗಳು. ಆರು ತಿಂಗಳು ಮೀರಿದ ತುಂಡನ್ನು ಪೂರ್ಣ ವರ್ಷವೆಂದು ಎಣಿಸಬೇಕು, ಹಾಗಾಗಿ ಮೂವತ್ತೆರಡು. ವರ್ಷಕ್ಕೆ 19,500ರಂತೆ 6,24,000 ರೂಪಾಯಿ. ಕಚೇರಿಯವರು ಮೊದಲು ಬರೆದುಕೊಟ್ಟಿದ್ದ ಚೀಟಿಯಲ್ಲಿ 5,40,800 ಎಂದಿತ್ತು. ತಿಂಗಳಿಗೆ ಮೂವತ್ತು ದಿನ ಹಿಡಿದು ಭಾಗಿಸಿದ್ದರು. ಇಪ್ಪತ್ತಾರರ ಬದಲು ಮೂವತ್ತು ಎಂಬ ಒಂದು ಅಂಕಿಯಿಂದ ಎಂಬತ್ತಮೂರು ಸಾವಿರ ರೂಪಾಯಿ ಮಾಯ. ಕೆಟ್ಟ ಉದ್ದೇಶವೇನೂ ಇರಲಿಲ್ಲ. ದಿನದ ಸಂಬಳ ಕಂಡುಹಿಡಿಯಲು ಬೇರೆಲ್ಲ ಕಡೆ ಮೂವತ್ತರಿಂದ ಭಾಗಿಸುವ ರೂಢಿ, ಅದೇ ಕೈ ಇಲ್ಲಿಯೂ ಓಡಿತ್ತು.

ಗ್ರಾಚ್ಯುಟಿ ಬಾಕಿಯಾದ ದಿನದಿಂದ ಮೂವತ್ತು ದಿನದೊಳಗೆ ಕೊಡಬೇಕು. ನೌಕರ ಅರ್ಜಿ ಹಾಕಲಿ ಬಿಡಲಿ, ಮೊತ್ತ ಲೆಕ್ಕ ಹಾಕಿ ಅವನಿಗೆ ತಿಳಿಸುವ ಹೊಣೆ ಮಾಲೀಕನದೇ. ತಡವಾದರೆ ಸರಳ ಬಡ್ಡಿ. ಹಳೆಯ ಕಾಯ್ದೆಯಡಿ ಅದು ವರ್ಷಕ್ಕೆ ಶೇಕಡ 10 ಎಂದು ಗೊತ್ತಾಗಿತ್ತು. 6.24 ಲಕ್ಷಕ್ಕೆ ಆರು ತಿಂಗಳ ಬಡ್ಡಿಯೆಂದರೆ 31,200 ರೂಪಾಯಿ. ಈ ಬಡ್ಡಿ ಆಕ್ಚುವರಿಯ ಲೆಕ್ಕದಲ್ಲಿ ಎಲ್ಲೂ ಇರುವುದಿಲ್ಲ, ನೇರವಾಗಿ ಆ ವರ್ಷದ ಖರ್ಚಿಗೆ ಬೀಳುತ್ತದೆ. ಕೊಡದೆ ಹೋದರೆ ಕಾರ್ಮಿಕ ಇಲಾಖೆಯ ಪ್ರಾಧಿಕಾರಿಯ ಬಾಗಿಲು ತಟ್ಟಬಹುದು. ಆದೇಶದ ವಿರುದ್ಧ ಮೇಲ್ಮನವಿ ಹೋಗುವ ಮಾಲೀಕ ಮೊದಲು ಗ್ರಾಚ್ಯುಟಿಯ ಮೊತ್ತವನ್ನು ಠೇವಣಿ ಇಡಬೇಕು. ಹಾಗಾಗಿ ಮೇಲ್ಮನವಿಯ ನೆಪದಲ್ಲಿ ಕಾಲ ತಳ್ಳುವುದು ಅಷ್ಟು ಸುಲಭವಲ್ಲ.

ಹೊಸ ಸಂಹಿತೆಯ ನಂತರ ನಿವೃತ್ತರಾಗುವವರು ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಬೇಕಿದ್ದರೆ ಕೊನೆಯ ತಿಂಗಳ ಸಂಬಳದ ಚೀಟಿಯನ್ನು ಮುಂದಿಟ್ಟುಕೊಂಡು, ಹೊರಗಿಡಬಹುದಾದ ಅಂಶಗಳನ್ನು ಮೊದಲು ಗುರುತು ಮಾಡಲಿ, ಅವು ಒಟ್ಟಿನ ಅರ್ಧ ಮೀರಿವೆಯೇ ನೋಡಲಿ. ನವೆಂಬರ್ 21ರ ನಂತರ ಹೊರಟವರಿಗೂ ಹಳೆಯ ಮೂಲ ವೇತನದ ಮೇಲೆ ಚೀಟಿ ಬರೆದುಕೊಟ್ಟರೆ ಅದು ತಪ್ಪು ಲೆಕ್ಕ. ಇಂಥ ಕಡೆ ಪ್ರಾವಿಷನ್ ಹೊಸ ವ್ಯಾಖ್ಯೆಯಂತೆ, ಪಾವತಿ ಹಳೆಯದರಂತೆ ನಡೆದರೆ ಆಕ್ಚುವರಿಯ ಮುಂದಿನ ವರದಿಯಲ್ಲಿ ಒಂದು ವಿಚಿತ್ರ ಲಾಭ ಕಾಣಿಸಿಕೊಳ್ಳುತ್ತದೆ. ಕೊಡಬೇಕಾದ್ದಕ್ಕಿಂತ ಕಡಿಮೆ ಕೊಟ್ಟದ್ದರ ಗುರುತು ಅದು.

ಆ ಹಿರಿಯರಿಗೆ ಹಣ ಬಂದದ್ದು ಏಳನೆಯ ತಿಂಗಳಲ್ಲಿ, ಬಡ್ಡಿ ಸಮೇತ. ಕಾರ್ಖಾನೆಯವರು ಅದಕ್ಕಾಗಿ ಗೋದಾಮಿನ ಹಳೆಯ ಯಂತ್ರವೊಂದನ್ನು ಮಾರಿದ್ದರು. ಲೆಕ್ಕದ ಪುಸ್ತಕದಲ್ಲಿ 6,24,000ವನ್ನು ಪ್ರಾವಿಷನ್‌ಗೆ ಖರ್ಚು ಹಾಕಿ, ಬಡ್ಡಿಯನ್ನು ‘ಇತರ ವೆಚ್ಚ’ದಡಿ ಬರೆದರು. ಮಾರ್ಚ್‌ನಲ್ಲಿ ಆಕ್ಚುವರಿಗೆ ಕಳಿಸಿದ ಹಾಳೆಯಲ್ಲಿ ಅವರ ಹೆಸರಿದ್ದ ಸಾಲು ಇರಲಿಲ್ಲ.